ಮಿಸೌರಿಯನ್ನು ಮಲಗಿಸಿದವರು

ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ ದಿನಕ್ಕೊಂದು ಹಾಳೆ ಹೊರಡುತ್ತದೆ. ಅಂದು ಯಾವ ಸಮವಸ್ತ್ರ, ಊಟ ಎಷ್ಟು ಗಂಟೆಗೆ, ಯಾವ ಪಾಳಿಗೆ ಯಾರು, ತಪಾಸಣೆ ಯಾವಾಗ, ಇಂಥ ವಿವರಗಳೆಲ್ಲ ಅದರಲ್ಲಿರುತ್ತವೆ. ಓದಿ ಮಡಚಿ ಜೇಬಿಗಿಟ್ಟು, ಸಂಜೆಗೆ ಕಸದ ಬುಟ್ಟಿಗೆ ಹಾಕುವ ಕಾಗದ ಅದು. ಇತಿಹಾಸಕಾರರು ಹುಡುಕಿಕೊಂಡು ಹೋಗುವಂಥದ್ದಲ್ಲ. ಆದರೆ 1992ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಯುಎಸ್‌ಎಸ್ ಮಿಸೌರಿ ಹಡಗಿನಲ್ಲಿ ಹಂಚಿದ ಹಾಳೆ ಮಾತ್ರ ಉಳಿದುಕೊಂಡಿದೆ. ಮರುದಿನ ಆ ಹಡಗಿಗೆ ಹಾಳೆಯೂ ಇರಲಿಲ್ಲ, ಪಾಳಿಯೂ ಇರಲಿಲ್ಲ. ಸೇವೆಯಿಂದ ಬಿಡುಗಡೆಯಾಗುವ ದಿನದ ಆ ಕೊನೆಯ ಹಾಳೆಯಲ್ಲಿ ಕ್ಯಾಪ್ಟನ್ ಆಲ್ಬರ್ಟ್ ಲೀ ಕೈಸ್ ತನ್ನ ಸಿಬ್ಬಂದಿಗೆ ಹತ್ತಾರು ಸಾಲುಗಳ ವಿದಾಯದ ಮಾತು ಬರೆದಿದ್ದರು.

ಅದರ ಸಾರ ಇಷ್ಟು. ಕೊನೆಯ ದಿನ ಬಂದಿದೆ. ಈ ಹಡಗಿನ ಚರಿತ್ರೆಯ ಕೊನೆಯ ಅಧ್ಯಾಯ ಇಂದು ಮುಗಿಯುತ್ತದೆ. ಹಡಗಿಗೆ ಹೆಸರು ಬರುವುದು ಅದರ ಸಿಬ್ಬಂದಿಯಿಂದ, ಮಿಸೌರಿಗೆ ಹಿರಿಮೆ ತಂದವರು ನೀವು. ನಿಮ್ಮೊಂದಿಗೆ ಕೆಲಸ ಮಾಡಿದ್ದು ನನಗೆ ಹೆಮ್ಮೆ. ಇಲ್ಲಿಯವರೆಗೆ ಯಾವ ಕ್ಯಾಪ್ಟನ್ ಬೇಕಾದರೂ ಹೇಳಬಹುದಾದ ಮಾತು. ಆಮೇಲೆ ಕೈಸ್ ಬೇರೆ ಕಡೆಗೆ ಹೊರಳುತ್ತಾರೆ. ಈ ಮಹಾ ಹಡಗನ್ನು ಮಲಗಿಸುವ ನೋವಿನ ಕೆಲಸ ಮಾಡಿದವರಿಗೆ ಪ್ರತ್ಯೇಕವಾಗಿ ಕೃತಜ್ಞತೆ ಹೇಳಿ, ಎಲ್ಲಕ್ಕಿಂತ ಕಠಿಣವಾದ ಕೆಲಸ ನಿಮ್ಮದೇ ಆಗಿತ್ತು ಎನ್ನುತ್ತಾರೆ. ಆ ಬಳಿಕವೇ ಯುದ್ಧದ ಪ್ರಸ್ತಾಪ: ನಾವು ಇವಳನ್ನು ಯುದ್ಧಕ್ಕೆ ಒಯ್ದೆವು, ಚೆನ್ನಾಗಿ ಕೆಲಸ ಮಾಡಿದೆವು, ಮೊದಲಿದ್ದವರ ಸಾಲಿನಲ್ಲಿ ನಿಲ್ಲುವ ಹಕ್ಕು ಪಡೆದೆವು.

ಒಂದೇ ವರ್ಷದ ಹಿಂದೆ ಕೊಲ್ಲಿ ಯುದ್ಧದಲ್ಲಿ ಗುಂಡು ಹಾರಿಸಿ, ಶತ್ರುವಿನ ಕ್ಷಿಪಣಿಯಿಂದ ಪಾರಾಗಿ ಬಂದ ಹಡಗಿನ ಕ್ಯಾಪ್ಟನ್, ಕಠಿಣವಾದದ್ದು ಅದಲ್ಲ, ಹಡಗನ್ನು ಮುಚ್ಚಿದ್ದು ಎನ್ನುವುದು ಔಪಚಾರಿಕ ಸೌಜನ್ಯದಂತೆ ಕಾಣಬಹುದು. ಮಿಸೌರಿಯ ಕಥೆ ಗೊತ್ತಿದ್ದರೆ ಹಾಗೆ ಕಾಣುವುದಿಲ್ಲ. ಈ ಹಡಗನ್ನು ಹಿಂದೆಯೂ ಒಮ್ಮೆ ಮಲಗಿಸಿದ್ದರು. ಅದನ್ನು ಎಬ್ಬಿಸಿ ಮತ್ತೆ ಸಮುದ್ರಕ್ಕೆ ಇಳಿಸಿದ ಕ್ಯಾಪ್ಟನ್ ಇದೇ ಕೈಸ್.

ಮಿಸೌರಿಗೆ ಅಡಿಪಾಯ ಬಿದ್ದದ್ದು 1941ರ ಜನವರಿಯಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ ನೌಕಾ ಕಟ್ಟೆಯಲ್ಲಿ. ಬ್ಯಾಟಲ್‌ಶಿಪ್ ಎಂದರೆ ದಪ್ಪ ಉಕ್ಕಿನ ಕವಚ ತೊಟ್ಟು, ಭಾರೀ ತೋಪುಗಳನ್ನು ಹೊತ್ತ, ತನ್ನಂಥದೇ ಹಡಗಿನೊಡನೆ ಎದುರಾಬದುರಾಗಿ ಹೋರಾಡಲು ಕಟ್ಟಿದ ಯುದ್ಧನೌಕೆ. ಮಿಸೌರಿಯ ಉದ್ದ 270 ಮೀಟರ್. ಮೂರು ಗೋಪುರಗಳಲ್ಲಿ ಮೂರು ಮೂರರಂತೆ ಒಂಬತ್ತು ತೋಪುಗಳು, ಒಂದೊಂದರ ಬಾಯಿ 16 ಅಂಗುಲ. ಕವಚ ಸೀಳುವ ಒಂದು ಗುಂಡಿನ ತೂಕ 1,225 ಕೆಜಿ. ಅದು ಸುಮಾರು 38 ಕಿಲೋಮೀಟರ್ ದೂರ ಹೋಗಿ ಬೀಳುತ್ತಿತ್ತು. 1944ರ ಜನವರಿ 29ರಂದು ಹಡಗನ್ನು ನೀರಿಗಿಳಿಸುವಾಗ ಹೆಸರಿಟ್ಟವಳು ಮಿಸೌರಿ ರಾಜ್ಯದ ಸೆನೆಟರ್ ಹ್ಯಾರಿ ಟ್ರೂಮನ್ ಅವರ ಮಗಳು ಮಾರ್ಗರೆಟ್. ಅದೇ ವರ್ಷದ ಜೂನ್ 11ರಂದು ಹಡಗು ಸೇವೆಗೆ ಸೇರಿತು. ಅಮೆರಿಕ ಸೇವೆಗೆ ಸೇರಿಸಿದ ಕೊನೆಯ ಬ್ಯಾಟಲ್‌ಶಿಪ್ ಅದೇ. ಅದು ಬರುವ ಹೊತ್ತಿಗೆ ಸಮುದ್ರದ ಯುದ್ಧ ವಿಮಾನವಾಹಕ ನೌಕೆಗಳ ಕೈಗೆ ಹೋಗಿತ್ತು. ಯಾವ ಶತ್ರುವಿಗಾಗಿ ಮಿಸೌರಿಯನ್ನು ಕಟ್ಟಿದ್ದರೋ ಆ ಶತ್ರು ಅದಕ್ಕೆ ಎಂದೂ ಎದುರಾಗಲಿಲ್ಲ.

1945ರ ಏಪ್ರಿಲ್ 11ರಂದು ಓಕಿನಾವಾ ಸಮುದ್ರದಲ್ಲಿ ಜಪಾನಿನ ಕಾಮಿಕಾಜೆ ವಿಮಾನವೊಂದು ಹಡಗಿನ ಬಲಮಗ್ಗುಲಿಗೆ ಅಪ್ಪಳಿಸಿತು. ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ, ಪೈಲಟ್‌ನ ದೇಹದ ಭಾಗ ಡೆಕ್ಕಿನ ಮೇಲೆ ಸಿಕ್ಕಿತು. ಅದನ್ನು ಹಾಗೇ ಸಮುದ್ರಕ್ಕೆ ಎಸೆಯಬಾರದು, ಸೈನಿಕ ಗೌರವದೊಂದಿಗೆ ಕಳಿಸಿಕೊಡಬೇಕು ಎಂದು ಅಂದಿನ ಕ್ಯಾಪ್ಟನ್ ವಿಲಿಯಂ ಕ್ಯಾಲಘನ್ ಆಜ್ಞೆ ಮಾಡಿದರು. ನಿನ್ನೆ ತಮ್ಮನ್ನು ಕೊಲ್ಲಲು ಬಂದವನಿಗೆ ಇವತ್ತು ಗೌರವ ವಂದನೆ ಸಲ್ಲಿಸಲು ಸಿಬ್ಬಂದಿಯಲ್ಲಿ ಎಲ್ಲರಿಗೂ ಮನಸ್ಸಿರಲಿಲ್ಲ. ಆದರೂ ಸಲ್ಲಿಸಿದರು. ಅಂದು ಬಿದ್ದ ತಗ್ಗು ಈಗಲೂ ಹಡಗಿನ ಮೈಮೇಲೆ ಕಾಣುತ್ತದೆ.

ಮಿಸೌರಿಯ ಹೆಸರು ಜಗತ್ತಿಗೆಲ್ಲ ತಿಳಿದದ್ದು 1945ರ ಸೆಪ್ಟೆಂಬರ್ 2ರಂದು, ಟೋಕಿಯೊ ಕೊಲ್ಲಿಯಲ್ಲಿ. ಜಪಾನಿನ ವಿದೇಶಾಂಗ ಮಂತ್ರಿ ಮಮೋರು ಶಿಗೆಮಿತ್ಸು ಕೋಲೂರಿಕೊಂಡು ಹಡಗು ಹತ್ತಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಇದರ ಡೆಕ್ಕಿನ ಮೇಲೆ. ಇಡೀ ಸಮಾರಂಭ ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೆನಡಾದ ಪ್ರತಿನಿಧಿ ಜಪಾನಿನ ಪ್ರತಿಯಲ್ಲಿ ತಪ್ಪು ಗೆರೆಯ ಮೇಲೆ ಸಹಿ ಹಾಕಿದ್ದರಿಂದ ಅನಂತರ ಬಂದವರೆಲ್ಲ ಒಂದೊಂದು ಗೆರೆ ಕೆಳಗಿಳಿಯಬೇಕಾಯಿತು. ಅಷ್ಟು ಹಡಗುಗಳಿರುವಾಗ ಮಿಸೌರಿಯೇ ಏಕೆ ಎಂಬ ಬಗ್ಗೆ ಎರಡು ಮಾತುಗಳಿವೆ. ಏಪ್ರಿಲ್‌ನಲ್ಲಿ ಅಧ್ಯಕ್ಷರಾಗಿದ್ದ ಟ್ರೂಮನ್‌ಗೆ ತವರು ರಾಜ್ಯದ ಹೆಸರಿನ, ಮಗಳು ನಾಮಕರಣ ಮಾಡಿದ ಹಡಗಿನ ಮೇಲಿನ ಅಭಿಮಾನ ಎಂಬುದು ಜನಪ್ರಿಯ ವಿವರಣೆ. ಅಡ್ಮಿರಲ್ ಹಾಲ್ಸಿಯ ಧ್ವಜನೌಕೆಯಾಗಿ ಅದು ಹೇಗೂ ಅಲ್ಲೇ ಇತ್ತು ಎಂಬುದು ಇನ್ನೊಂದು. ಎರಡೂ ಸೇರಿ ನಡೆದಿರಬೇಕು.

ಶಾಂತಿ ಬಂದ ಮೇಲೆ ಹಡಗಿನ ದೆಸೆ ಏರುಪೇರಾಯಿತು. 1950ರ ಜನವರಿಯಲ್ಲಿ ವರ್ಜೀನಿಯಾ ಕರಾವಳಿಯಲ್ಲಿ ಕೆಸರಿನ ದಿಬ್ಬ ಹತ್ತಿ ಎರಡು ವಾರ ಕೂತುಬಿಟ್ಟಿತು. ದಡದಲ್ಲಿದ್ದವರಿಗೆಲ್ಲ ಅದೊಂದು ತಮಾಷೆ. ಅದೇ ವರ್ಷ ಕೊರಿಯಾ ಯುದ್ಧಕ್ಕೆ ಹೋಯಿತು. 1953ರಲ್ಲಿ ಕದನವಿರಾಮವಾಯಿತು. ಇಷ್ಟು ದೊಡ್ಡ ಹಡಗನ್ನು, ಇಷ್ಟೊಂದು ಜನರನ್ನು ಇಟ್ಟುಕೊಂಡು ನಡೆಸುವುದು ದುಬಾರಿ ಎನಿಸಿತು. 1955ರ ಫೆಬ್ರವರಿ 26ರಂದು ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನಲ್ಲಿ ಮಿಸೌರಿ ಮೊದಲ ಬಾರಿ ಸೇವೆಯಿಂದ ಇಳಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಧ್ವಜ ಇಳಿಸುವುದು ಕೆಲವು ನಿಮಿಷಗಳ ಕೆಲಸ, ಹಡಗನ್ನು ಮಲಗಿಸುವುದು ತಿಂಗಳುಗಳ ಕೆಲಸ. ಬೇಡವಾದ ಹಡಗನ್ನು ಗುಜರಿಗೆ ಮಾರುವುದಾದರೆ ಯೋಚನೆಯಿಲ್ಲ. ಮುಂದೆ ಎಂದಾದರೂ ಬೇಕಾದೀತು ಎಂದು ಮೀಸಲಿಗೆ ಇಡುವುದಾದರೆ ಶತ್ರು ಬೇರೆ ಯಾರೂ ಅಲ್ಲ, ತೇವ. ಸಮುದ್ರದ ಗಾಳಿಯಲ್ಲಿ ಬಿಟ್ಟ ಉಕ್ಕು ಹೊರಗಿನಿಂದ ಮಾತ್ರ ತುಕ್ಕು ಹಿಡಿಯುವುದಿಲ್ಲ. ಮುಚ್ಚಿದ ಕೋಣೆಗಳ ಒಳಗೆ, ಕೊಳವೆಗಳ ಒಳಗೆ, ತಂತಿಗಳ ತುದಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಹಿಡಿಯುತ್ತದೆ. ಆದ್ದರಿಂದ ಮೊದಲು ಮದ್ದುಗುಂಡು ಇಳಿಸಿ, ಎಣ್ಣೆಯ ತೊಟ್ಟಿಗಳನ್ನು ಬರಿದು ಮಾಡಬೇಕು. ಬಾಯ್ಲರ್‌ಗಳಲ್ಲಿ, ಕೊಳವೆಗಳಲ್ಲಿ ಹನಿ ನೀರೂ ಉಳಿಯದಂತೆ ಒಣಗಿಸಬೇಕು. ಯಂತ್ರಗಳ ಬೆತ್ತಲೆ ಲೋಹಕ್ಕೆ ರಕ್ಷಕ ಎಣ್ಣೆ, ಗ್ರೀಸು ಬಳಿಯಬೇಕು. ಆಮೇಲೆ ಹಡಗಿನ ಬಾಯಿಗಳನ್ನೆಲ್ಲ ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯಿಂದ ತೇವ ಹೀರುವ ಯಂತ್ರಗಳನ್ನು ಜೋಡಿಸುತ್ತಾರೆ. ಅವು ವರ್ಷಗಟ್ಟಲೆ ಓಡುತ್ತಿರಬೇಕು. ನೀರಿನೊಳಗಿರುವ ತಳಭಾಗ ಸವೆಯದಂತೆ ಅದರ ಸುತ್ತ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ.

ಈ ಕೆಲಸ ಮಾಡುವವರಿಗೆ ಫಲಿತಾಂಶ ಕಾಣುವುದಿಲ್ಲ. ಎಲ್ಲೋ ಒಂದು ಕೊಳವೆಯನ್ನು ಸರಿಯಾಗಿ ಒಣಗಿಸದೆ ಬಿಟ್ಟರೆ ಅದು ತಿಳಿಯುವುದು ಹತ್ತೋ ಇಪ್ಪತ್ತೋ ವರ್ಷದ ಮೇಲೆ, ಇನ್ಯಾರೋ ಆ ಕವಾಟ ತಿರುಗಿಸಿದಾಗ. ಮಾಡಿದವನ ಹೆಸರು ಆಗ ಯಾರಿಗೂ ನೆನಪಿರುವುದಿಲ್ಲ. ಬೈಗುಳವೂ ತಲುಪದು, ಹೊಗಳಿಕೆಯೂ ತಲುಪದು. ಇನ್ನೊಂದು ಸಂಕಟವೂ ಇದೆ. ದಿನವೂ ಉಜ್ಜಿ, ಎಣ್ಣೆ ಹಾಕಿ, ಓಡಿಸಿ ಬೆಳೆಸಿದ ಯಂತ್ರವನ್ನು ತನ್ನ ಕೈಯಾರೆ ನಿಲ್ಲಿಸಿ ಬಾಗಿಲು ಹಾಕುವುದು. ಬಾಯ್ಲರ್ ಆರಿಸಿದ ಮೇಲೆ ಹಡಗಿನಲ್ಲಿ ಒಂದೊಂದೇ ಸದ್ದು ನಿಲ್ಲುತ್ತ ಹೋಗುತ್ತದೆ. ಗೆಳೆಯರು ಒಬ್ಬೊಬ್ಬರಾಗಿ ಬೇರೆ ಹಡಗಿಗೆ ವರ್ಗವಾಗುತ್ತಾರೆ. ಉಳಿದವರು ಕಡಿಮೆಯಾದಷ್ಟೂ ಕೆಲಸ ಹೆಚ್ಚು. ಕೈಸ್ ನೋವಿನ ಕೆಲಸ ಎಂದದ್ದು ಇದನ್ನು.

1955ರಲ್ಲಿ ಬ್ರೆಮರ್ಟನ್‌ನಲ್ಲಿ ಆ ಕೆಲಸ ಮಾಡಿದವರಿಗೆ ಸಿಕ್ಕ ಪ್ರಮಾಣಪತ್ರ ಎಂದರೆ ಮುಂದಿನ 29 ವರ್ಷ. ಅಷ್ಟೂ ಕಾಲ ಮಿಸೌರಿ ಅಲ್ಲೇ ನಿಂತಿತ್ತು. ಶರಣಾಗತಿ ನಡೆದ ಜಾಗದಲ್ಲಿ ಡೆಕ್ಕಿಗೆ ಕೂರಿಸಿದ ಕಂಚಿನ ಫಲಕ ನೋಡಲು ಪ್ರವಾಸಿಗರು ಬರುತ್ತಿದ್ದರು. ಹಡಗಿನ ಒಳಗೆ ತೇವ ಹೀರುವ ಯಂತ್ರಗಳ ಕೆಲಸ ನಡೆದಿತ್ತು. ವಿಯೆಟ್ನಾಂ ಯುದ್ಧಕ್ಕೆ ಸೋದರ ಹಡಗು ನ್ಯೂಜೆರ್ಸಿಯನ್ನು ಎಬ್ಬಿಸಿದರು, ಮಿಸೌರಿಯನ್ನು ಮುಟ್ಟಲಿಲ್ಲ.

ರೊನಾಲ್ಡ್ ರೇಗನ್ ಅಧ್ಯಕ್ಷರಾದ ಮೇಲೆ ಲೆಕ್ಕಾಚಾರ ಬದಲಾಯಿತು. ಸೋವಿಯತ್ ನೌಕಾಬಲಕ್ಕೆ ಎದುರಾಗಿ 600 ಹಡಗುಗಳ ನೌಕಾಪಡೆ ಕಟ್ಟಬೇಕೆಂದು ನೌಕಾ ಕಾರ್ಯದರ್ಶಿ ಜಾನ್ ಲೆಹ್ಮನ್ ಹೊರಟರು. ಅಷ್ಟು ಹೊಸ ಹಡಗು ಕಟ್ಟುವುದು ಬೇಗ ಆಗುವ ಮಾತಲ್ಲ. ಅಯೋವಾ ವರ್ಗದ ನಾಲ್ಕು ಬ್ಯಾಟಲ್‌ಶಿಪ್‌ಗಳು ಮೀಸಲಿನಲ್ಲಿ ಮಲಗಿದ್ದವು. ಅವುಗಳ ಕವಚವನ್ನಾಗಲಿ ತೋಪುಗಳನ್ನಾಗಲಿ ಮತ್ತೆ ತಯಾರಿಸುವವರು ಆಗ ಯಾರೂ ಇರಲಿಲ್ಲ. 1984ರಲ್ಲಿ ಮಿಸೌರಿಯನ್ನು ಲಾಂಗ್ ಬೀಚ್‌ಗೆ ಎಳೆದು ತಂದು ತೆರೆದರು. ಹಳೆಯ ಸಣ್ಣ ತೋಪುಗಳಲ್ಲಿ ಕೆಲವನ್ನು ತೆಗೆದು 32 ಟೊಮಾಹಾಕ್ ಕ್ಷಿಪಣಿ, 16 ಹಾರ್ಪೂನ್ ಕ್ಷಿಪಣಿಗಳಿಗೆ ಜಾಗ ಮಾಡಿದರು. ಒಳಬರುವ ಕ್ಷಿಪಣಿಯನ್ನು ತಾನಾಗಿ ಗುರುತಿಸಿ ಹೊಡೆಯುವ ಫ್ಯಾಲಾಂಕ್ಸ್ ಬಂದೂಕು ನಾಲ್ಕು ಬಂದವು. ಒಂಬತ್ತು ದೊಡ್ಡ ತೋಪುಗಳು ಮಾತ್ರ ಹಾಗೇ ಉಳಿದವು. 1986ರ ಮೇ 10ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಿಸೌರಿ ಮತ್ತೆ ಸೇವೆಗೆ ಸೇರಿದಾಗ ಕ್ಯಾಪ್ಟನ್ ಸ್ಥಾನದಲ್ಲಿದ್ದವರು ಲೀ ಕೈಸ್. ಮುಂದಿನ ತಿಂಗಳು ಅವರು ಅಧಿಕಾರ ಹಸ್ತಾಂತರಿಸಿದರು. ಹಡಗು ಭೂಮಿ ಸುತ್ತುವ ಯಾನಕ್ಕೆ ಹೊರಟಿತು. ನಾಲ್ಕು ವರ್ಷ, ಇಬ್ಬರು ಕ್ಯಾಪ್ಟನ್‌ಗಳು ಕಳೆದ ಮೇಲೆ, 1990ರ ಜೂನ್‌ನಲ್ಲಿ ಅದೇ ಹಡಗಿಗೆ ಕೈಸ್ ಎರಡನೇ ಸಲ ಬಂದರು.

ಅಷ್ಟರಲ್ಲಿ ಈ ಹಡಗುಗಳ ಮೇಲೆ ಒಂದು ಕರಿನೆರಳು ಬಿದ್ದಿತ್ತು. 1989ರ ಏಪ್ರಿಲ್ 19ರಂದು ಸೋದರ ಹಡಗು ಅಯೋವಾದ ಎರಡನೇ ಗೋಪುರದಲ್ಲಿ ತೋಪಿಗೆ ಮದ್ದು ತುಂಬುವಾಗಲೇ ಸ್ಫೋಟವಾಗಿ 47 ನಾವಿಕರು ಸತ್ತರು. ಈ ತೋಪಿಗೆ ಮದ್ದು ತುಂಬುವುದು ಎರಡನೇ ಮಹಾಯುದ್ಧದ ಕಾಲದ ಕ್ರಮದಲ್ಲೇ ನಡೆಯುತ್ತಿತ್ತು. ಮೊದಲು ಗುಂಡನ್ನು ನಳಿಗೆಯೊಳಗೆ ನೂಕಿ ಕೂರಿಸುತ್ತಾರೆ. ಅದರ ಹಿಂದೆ ಒಂದೊಂದೂ ಸುಮಾರು 50 ಕೆಜಿ ತೂಗುವ ಆರು ರೇಷ್ಮೆ ಚೀಲಗಳ ಮದ್ದನ್ನು ಯಂತ್ರದ ತೋಳು ನಿಧಾನವಾಗಿ ತಳ್ಳುತ್ತದೆ. ಆ ತೋಳನ್ನು ನಡೆಸುವವನ ಕೈ ಹದವಾಗಿರಬೇಕು. ಬಿರುಸಾಗಿ, ಅತಿಯಾಗಿ ತಳ್ಳಿದರೆ ಮದ್ದು ಅಲ್ಲೇ ಹೊತ್ತಿಕೊಳ್ಳಬಹುದು ಎಂದು ಸ್ಯಾಂಡಿಯಾ ಪ್ರಯೋಗಾಲಯದ ಪರೀಕ್ಷೆ ಮುಂದೆ ತೋರಿಸಿತು. ನೌಕಾಪಡೆ ಮೊದಲು ಸತ್ತವರಲ್ಲೇ ಒಬ್ಬ ನಾವಿಕನ ಮೇಲೆ ಸಂಶಯ ಹೊರಿಸಿತ್ತು. 1991ರ ಅಕ್ಟೋಬರ್‌ನಲ್ಲಿ ಅವನ ಕುಟುಂಬದ ಕ್ಷಮೆ ಕೇಳಿ, ಕಾರಣ ಖಚಿತವಾಗಿ ಹೇಳಲಾಗದು ಎಂದಿತು. ಆ ಮೊದಲ ತನಿಖೆ ನೌಕಾಪಡೆಗೆ ಮರ್ಯಾದೆ ತಂದ ಅಧ್ಯಾಯವಲ್ಲ.

ಮಿಸೌರಿಯ ತೋಪುಗಾರರು ಕೊಲ್ಲಿ ಯುದ್ಧಕ್ಕೆ ಹೋದದ್ದು ಈ ಪ್ರಶ್ನೆ ತೂಗುತ್ತಿರುವಾಗಲೇ. 1990ರ ನವೆಂಬರ್‌ನಲ್ಲಿ ಲಾಂಗ್ ಬೀಚ್ ಬಿಟ್ಟ ಹಡಗು ಜನವರಿ 3ರಂದು ಹೊರ್ಮುಜ್ ಜಲಸಂಧಿ ದಾಟಿತು. ಜನವರಿ 17ರ ನಸುಕಿನಲ್ಲಿ ಮೊದಲ ಟೊಮಾಹಾಕ್ ಹಾರಿತು. ಐದು ದಿನಗಳಲ್ಲಿ ಒಟ್ಟು 28 ಹಾರಿದವು. ಫೆಬ್ರವರಿ 3ರ ರಾತ್ರಿ ದೊಡ್ಡ ತೋಪುಗಳ ಸರದಿ. 1953ರಲ್ಲಿ ಕೊರಿಯಾ ತೀರದಲ್ಲಿ ಗುಂಡು ಹಾರಿಸಿದ ಮೇಲೆ ಯುದ್ಧದಲ್ಲಿ ಆ ತೋಪುಗಳು ಮಾತಾಡಿದ್ದು ಅಂದೇ. ಗೋಪುರದೊಳಗೆ ಇದ್ದವರಲ್ಲಿ ಹೆಚ್ಚಿನವರು ಆ ತೋಪುಗಳು ಹಿಂದೆ ಯುದ್ಧದಲ್ಲಿ ಸದ್ದು ಮಾಡಿದಾಗ ಹುಟ್ಟೇ ಇರಲಿಲ್ಲ.

ಫೆಬ್ರವರಿ 23ರಂದು ಕುವೈತ್ ಬಳಿಯ ಫೈಲಕಾ ದ್ವೀಪದ ಸುತ್ತ ಮಿಸೌರಿ ಗುಂಡಿನ ಮಳೆ ಸುರಿಸಿತು. ಅಮೆರಿಕದ ಪಡೆಗಳು ಸಮುದ್ರದಿಂದ ಇಳಿಯಲಿವೆ ಎಂದು ಇರಾಕಿಗಳು ನಂಬಬೇಕೆಂಬುದೇ ಉದ್ದೇಶ. ನಿಜವಾದ ದಾಳಿ ಮರುಭೂಮಿಯ ಕಡೆಯಿಂದ ಬರಲಿತ್ತು. 25ರಂದು ಇರಾಕಿಗಳು ಮಿಸೌರಿಯತ್ತ ಎರಡು ಸಿಲ್ಕ್‌ವರ್ಮ್ ಕ್ಷಿಪಣಿ ಹಾರಿಸಿದರು. ಒಂದು ಗುರಿ ತಪ್ಪಿತು. ಇನ್ನೊಂದನ್ನು ಬ್ರಿಟನ್ನಿನ ಎಚ್‌ಎಂಎಸ್ ಗ್ಲಾಸ್ಟರ್ ತನ್ನ ಸೀ ಡಾರ್ಟ್ ಕ್ಷಿಪಣಿಯಿಂದ ಹೊಡೆದು ಬೀಳಿಸಿತು. ಆ ಗಡಿಬಿಡಿಯಲ್ಲಿ ಶತ್ರು ಕ್ಷಿಪಣಿಯ ದಾರಿ ತಪ್ಪಿಸಲು ಮಿಸೌರಿ ಗಾಳಿಗೆ ತೂರಿದ ಲೋಹದ ಚೂರುಗಳನ್ನು ಜೊತೆಗಿದ್ದ ಯುಎಸ್‌ಎಸ್ ಜಾರೆಟ್‌ನ ಫ್ಯಾಲಾಂಕ್ಸ್ ಬಂದೂಕು ಕ್ಷಿಪಣಿಯೆಂದೇ ತಿಳಿದು ಗುಂಡು ಸುರಿಸಿತು. ಕೆಲವು ಮಿಸೌರಿಗೇ ತಗುಲಿದವು. ಒಬ್ಬ ನಾವಿಕನಿಗೆ ಸಣ್ಣ ಗಾಯ. ಆ ಯುದ್ಧದಲ್ಲಿ ಹಡಗಿಗೆ ಗುಂಡು ತಗುಲಿದ್ದು ಸ್ವಂತ ಪಕ್ಷದವರಿಂದಲೇ.

ಈ ಗುಂಡಿನ ಮಳೆಯಿಂದ ಎಷ್ಟು ಪ್ರಯೋಜನವಾಯಿತು ಎಂಬುದು ಇನ್ನೂ ತೀರದ ವಾದ. ಸಮುದ್ರದಿಂದ ಇಳಿಯುವ ಸೈನಿಕರಿಗೆ ಇಂಥ ತೋಪಿನ ಆಸರೆ ಬೇರೆ ಯಾವುದೂ ಕೊಡಲಾರದು ಎನ್ನುವವರು ಹಲವರು. ಅಮೆರಿಕದ ಮರೀನ್ ಪಡೆಯಲ್ಲಿ ಈ ಅಭಿಪ್ರಾಯ ಬಲವಾಗಿತ್ತು. ವಿಮಾನ, ಕ್ಷಿಪಣಿಗಳು ಅದೇ ಕೆಲಸವನ್ನು ಹೆಚ್ಚು ದೂರದಿಂದ, ಕಡಿಮೆ ಜನರಿಂದ ಮಾಡಬಲ್ಲವು ಎಂಬುದು ಎದುರು ವಾದ. ನನ್ನ ಮಟ್ಟಿಗೆ ಎರಡನೆಯದೇ ಸರಿ. ಒಂದು ಹಡಗು ನಡೆಸಲು 1,500ಕ್ಕೂ ಹೆಚ್ಚು ಜನ ಬೇಕೆಂದಾಗ, ಅದರ ತೋಪಿನ ವಿದ್ಯೆ ಕಲಿತವರಿಗೆ ಬೇರೆ ಯಾವ ಹಡಗಿನಲ್ಲೂ ಕೆಲಸವಿಲ್ಲವೆಂದಾಗ, ಆ ಹಡಗಿಗೆ ದಿನ ಎಣಿಸಬೇಕಾಗುತ್ತದೆ. ಯುದ್ಧದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಮಿಸೌರಿಯನ್ನು ಉಳಿಸಲಿಲ್ಲ. ಅಯೋವಾ 1990ರ ಅಕ್ಟೋಬರ್‌ನಲ್ಲಿ, ನ್ಯೂಜೆರ್ಸಿ ಮರುವರ್ಷ ಫೆಬ್ರವರಿಯಲ್ಲಿ, ವಿಸ್ಕಾನ್ಸಿನ್ ಸೆಪ್ಟೆಂಬರ್‌ನಲ್ಲಿ ಸೇವೆಯಿಂದ ಇಳಿದವು. ಪರ್ಲ್ ಹಾರ್ಬರ್ ದಾಳಿಗೆ 50 ವರ್ಷ ತುಂಬಿದ 1991ರ ಡಿಸೆಂಬರ್ 7ರಂದು ಮಿಸೌರಿ ಅಲ್ಲಿತ್ತು. ಅದೇ ತಿಂಗಳು 20ರಂದು ಲಾಂಗ್ ಬೀಚ್‌ಗೆ ಮರಳಿತು. 25ರಂದು ಗೋರ್ಬಚೆವ್ ರಾಜೀನಾಮೆ ಕೊಟ್ಟರು. ಯಾವ ದೇಶದ ಭಯದಿಂದ ಹಡಗನ್ನು ಎಬ್ಬಿಸಿದ್ದರೋ ಆ ದೇಶವೇ ಇಲ್ಲವಾಯಿತು.

ಆಮೇಲಿನ ಮೂರು ತಿಂಗಳು 1955ರ ಕೆಲಸವನ್ನೇ ಮತ್ತೆ ಮಾಡುವುದಾಗಿತ್ತು. ಈ ಸಲ ಅದನ್ನು ಮಾಡಿಸಿದ ಕ್ಯಾಪ್ಟನ್, ಹಿಂದಿನವರು ಮುಚ್ಚಿಟ್ಟದ್ದನ್ನು ತೆರೆದು ಸಮುದ್ರಕ್ಕೆ ಇಳಿಸಿದಾಗ ಜೊತೆಗಿದ್ದವರು. ಹಳೆಯವರು ಅಸಡ್ಡೆ ಮಾಡಿದ್ದರೆ 1986 ಸಾಧ್ಯವಿರಲಿಲ್ಲ, 1991 ಅಂತೂ ದೂರದ ಮಾತು. ಹಾಗಾಗಿ ಕೊನೆಯ ಹಾಳೆಯಲ್ಲಿ ಕೈಸ್ ಯುದ್ಧದ ಮಾತಿಗಿಂತ ಮೊದಲು ಮಲಗಿಸಿದವರಿಗೆ ನಮಿಸಿದ್ದು ಬರೀ ಉಪಚಾರವೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಮೈಯ ಭಾಗವೇ ಆಗಿಹೋದ ಹಡಗನ್ನು ತೆಗೆದಿಡುವುದು ಇಷ್ಟು ಒಳ್ಳೆಯ ಸೇವಾವಧಿಗೆ ದುಃಖದ ಮುಕ್ತಾಯ ಎಂದು ಅವರು ಒಪ್ಪಿಕೊಂಡರು. ಸಮಾಧಾನ ಹೇಳಿದರೇ ಹೊರತು ದುಃಖವಿಲ್ಲವೆಂದು ನಟಿಸಲಿಲ್ಲ. ದೇಶ, ಕೀರ್ತಿ, ಅಮರತ್ವ ಎಂಬ ದೊಡ್ಡ ಶಬ್ದಗಳನ್ನು ಹುಡುಕಲಿಲ್ಲ. ಅಂಥ ದಿನದಲ್ಲಿ ಹಾಗೆ ಅಳತೆಯಲ್ಲಿ ಮಾತಾಡುವುದು ಸುಲಭವಲ್ಲ.

ಧ್ವಜ ಇಳಿದ ಮೇಲೆ ಹಡಗನ್ನು ಮತ್ತೆ ಬ್ರೆಮರ್ಟನ್‌ಗೆ ಎಳೆದುಕೊಂಡು ಹೋದರು. 1995ರ ಜನವರಿಯಲ್ಲಿ ನೌಕಾಪಡೆಯ ಪಟ್ಟಿಯಿಂದ ಹೆಸರು ತೆಗೆದರು. ಎರಡನೇ ಸಲ ಮಲಗಿಸಿದ ಈ ಕೆಲಸ ಯುದ್ಧಕ್ಕೆ ಬಳಕೆಯಾಗಲಿಲ್ಲ. ಆದರೆ ವ್ಯರ್ಥವೂ ಆಗಲಿಲ್ಲ. 1998ರ ಮೇ ತಿಂಗಳಲ್ಲಿ ಹಡಗನ್ನು ಹವಾಯಿಯ ಸ್ಮಾರಕ ಸಂಸ್ಥೆಯೊಂದಕ್ಕೆ ದಾನ ಕೊಟ್ಟರು. ದಾರಿಯಲ್ಲಿ ಒರೆಗಾನ್‌ನ ಆಸ್ಟೋರಿಯಾದಲ್ಲಿ, ಕೊಲಂಬಿಯಾ ನದಿ ಸಮುದ್ರ ಸೇರುವಲ್ಲಿ, ಕೆಲವು ದಿನ ನಿಲ್ಲಿಸಿದರು: ವರ್ಷಗಳಿಂದ ತಳಕ್ಕೆ ಅಂಟಿಕೊಂಡಿದ್ದ ಸಮುದ್ರದ ಚಿಪ್ಪುಜೀವಿ, ಪಾಚಿಗಳು ಸಿಹಿನೀರಿನಲ್ಲಿ ಸತ್ತು ಉದುರಲಿ ಎಂದು. ಜೂನ್ 22ರಂದು ಮಿಸೌರಿ ಪರ್ಲ್ ಹಾರ್ಬರ್ ತಲುಪಿತು. ಅಮೆರಿಕದ ಯುದ್ಧ ಆರಂಭವಾದ ಗುರುತಾಗಿ ಮುಳುಗಿರುವ ಅರಿಜೋನಾ ಹಡಗಿನ ಸಮೀಪದಲ್ಲೇ, ಯುದ್ಧ ಮುಗಿದ ಹಡಗನ್ನು ಕಟ್ಟಿದರು. 1999ರ ಜನವರಿ 29ರಂದು, ನೀರಿಗಿಳಿದು ಸರಿಯಾಗಿ 55 ವರ್ಷಕ್ಕೆ, ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಅಯೋವಾ ವರ್ಗದ ನಾಲ್ಕು ಹಡಗುಗಳಲ್ಲಿ ಒಂದೂ ಗುಜರಿಗೆ ಹೋಗಲಿಲ್ಲ. ನಾಲ್ಕೂ ಇಂದು ಜನ ಹತ್ತಿ ನೋಡುವ ಸ್ಮಾರಕಗಳಾಗಿವೆ. ಕೈಸ್ ಮಿಸೌರಿಯಿಂದ ಇಳಿದ ದಿನದಿಂದ ಈಚೆಗೆ ಜಗತ್ತಿನ ಯಾವ ನೌಕಾಪಡೆಯಲ್ಲೂ ಬ್ಯಾಟಲ್‌ಶಿಪ್ ಸೇವೆಯಲ್ಲಿಲ್ಲ.